ಸಹಾಯ ಬೇಕು: ಡೇಟಮ್ B ಪಕ್ಕದಲ್ಲೂ Ⓜ ಇದ್ದರೆ ಗೇಜ್ ಪಿನ್ ಎಷ್ಟಕ್ಕೆ ಮಾಡಬೇಕು?

ನಮಸ್ಕಾರ್ರೀ ಎಲ್ಲರಿಗೂ. ಹುಬ್ಬಳ್ಳಿ ಗೋಕುಲ ರೋಡ್ ಕಡೆ ನಮ್ಮ ಶಾಪ್. ಒಂದು ಫ್ಲ್ಯಾಂಜ್ ಜಾಬ್ ಬಂದೈತಿ. ನಡುವೆ 40 H7 ಬೋರ್ (ಡೇಟಮ್ B), ಸುತ್ತ ನಾಲ್ಕು ತೂತು, ಸೈಜ್ 10.0ರಿಂದ 10.2. ತೂತಿನ ಚೌಕಟ್ಟಿನಲ್ಲಿ ಹೀಗೈತಿ:

⌖ | ⌀0.2 Ⓜ | A | B Ⓜ

ಮೊದಲ Ⓜ ಬಗ್ಗೆ ಗೊಂದಲ ಇಲ್ಲ. ಒಂದು ತೂತು 10.12 ಬಂದೈತಿ, ಸೆಂಟರ್ X ಕಡೆ 0.11, Y ಕಡೆ 0.09 ಸರಿದೈತಿ. 0.2 ವಲಯದ ವ್ಯಾಸ ಆಗಿರೋದರಿಂದ ಸರಿದದ್ದನ್ನ ಇಮ್ಮಡಿ ಮಾಡಬೇಕು:

2 × √(0.11² + 0.09²) = 0.284

0.2 ಮೀರಿತು ಅಂತ ಇನ್‌ಸ್ಪೆಕ್ಷನ್‌ನವರು ರಿಜೆಕ್ಟ್ ಬರೆದಾರ. ಆದರೆ ತೂತು 10.0ಗಿಂತ 0.12 ದೊಡ್ಡದು, ಅಷ್ಟು ಬೋನಸ್ ಸಿಗತೈತಿ, ಮಿತಿ 0.32. ಜಾಬ್ ಪಾಸ್. ಬೋನಸ್ ಆಯಾ ತೂತಿಗೆ ಬೇರೆ ಬೇರೆ, ಅದಕ್ಕ ಪ್ರತಿಯೊಂದರ ಸೈಜನ್ನೂ ರಿಪೋರ್ಟಿನಲ್ಲಿ ಬರೀಬೇಕು.

ಸಿಕ್ಕಿಹಾಕಿಕೊಂಡಿರೋದು ಎರಡನೇ Ⓜ ಹತ್ರ. ಬೋರ್ ದೊಡ್ಡದಾದಷ್ಟು ನಾಲ್ಕೂ ತೂತು ಒಟ್ಟಿಗೆ ಸರಿಯಬಹುದು, ಒಂದೊಂದಕ್ಕೂ ಅದನ್ನ ಕೂಡಿಸೋ ಹಂಗಿಲ್ಲ. ಹಂಗಾಗಿ ಲೆಕ್ಕಕ್ಕಿಂತ ಗೇಜ್ ಮಾಡೋದೇ ವಾಸಿ. ತೂತಿನ ಪಿನ್ 9.8, ಅದು ಖಚಿತ. ನಡುವಿನ ಪಿನ್? ಬೋರಿಗೆ A ಮೇಲೆ ಲಂಬತೆ ⌀0.02 ಕೊಟ್ಟಾರ, ಅದರ ಪಕ್ಕ Ⓜ ಇಲ್ಲ. ಹಂಗಿದ್ರ ಪಿನ್ 40.00 ಇರಬೇಕೋ, 39.98 ಇರಬೇಕೋ? ಟೈಟಲ್ ಬ್ಲಾಕಿನಲ್ಲಿ ಐಎಸ್‌ಒ ಅಂತಾನೂ ಇಲ್ಲ, ಎಎಸ್‌ಎಂಇ ಅಂತಾನೂ ಇಲ್ಲ. ಇಂಥ ಗೇಜ್ ಮಾಡಿದವರು, ಯಾವ ಸ್ಟ್ಯಾಂಡರ್ಡಿಗೆ ಯಾವ ಸೈಜ್ ಅನ್ನೋದನ್ನ ಕಾರಣ ಸಮೇತ ತಿಳಿಸ್ರಿ.