ಎರಡು ಅಂಗಡಿ ಒಂದಾಗುವಾಗ ಕಟ್ಟಡದ ಹೆಚ್ಚಿದ ಬೆಲೆ ಯಾರ ಪಾಲಿಗೆ?

ತಿಪಟೂರು, ಪೇಂಟ್ ಮತ್ತು ಹಾರ್ಡ್‌ವೇರ್ ಅಂಗಡಿ

ಎಲ್ಲರಿಗೂ ನಮಸ್ಕಾರ. ನಮ್ಮ ಅಂಗಡಿಯಲ್ಲಿ ಅಣ್ಣ ಮತ್ತು ನಾನು ಪಾಲುದಾರರು. ಲಾಭ 3:2, ಅಣ್ಣನದು 3. ಪಕ್ಕದಲ್ಲೇ ನಮ್ಮ ಸೋದರಮಾವ ಮತ್ತು ಅವರ ಮಗ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದಾರೆ. ಅವರದ್ದು ಸಮಪಾಲು. ಏಪ್ರಿಲ್ 1ರಿಂದ ಎರಡನ್ನೂ ಸೇರಿಸಿ ಒಂದೇ ಫರ್ಮ್ ಮಾಡೋಣ ಅಂತ ಮಾತಾಗಿದೆ. ಹೊಸ ಪಾಲು ಹತ್ತರಲ್ಲಿ ಅಣ್ಣ 4, ನಾನು 3, ಮಾವ 2, ಅವರ ಮಗ 1.

ಬಂಡವಾಳ ಪುಸ್ತಕದ ಪ್ರಕಾರ ಅಣ್ಣ 7 ಲಕ್ಷ, ನಾನು 4, ಮಾವ 5, ಮಗ 3. ನಮ್ಮ ಕಟ್ಟಡ ಪುಸ್ತಕದಲ್ಲಿ 8 ಲಕ್ಷ ಇದೆ, ಇವತ್ತಿನ ಬೆಲೆ 13 ಲಕ್ಷ. ಲೆಕ್ಕ ಬರೆಯುವವರು ಹೇಳುವುದು ಹೀಗೆ: ಮೊದಲು ಎರಡು ಬ್ಯಾಲೆನ್ಸ್ ಶೀಟ್ ಕೂಡಿಸಿಬಿಡೋಣ, ಹೊಸ ಫರ್ಮ್ ಶುರುವಾದ ಮೇಲೆ ಕಟ್ಟಡದ ಬೆಲೆ ಸರಿ ಮಾಡೋಣ. ಅಣ್ಣನಿಗೆ ಯಾಕೋ ಸಮಾಧಾನ ಇಲ್ಲ. ಇದು ಸರೀನಾ?

ಶಿವಮೊಗ್ಗ, ಚಾರ್ಟರ್ಡ್ ಅಕೌಂಟೆಂಟ್

ನಿಮ್ಮ ಅಣ್ಣನ ಅನುಮಾನ ಸರಿ ಇದೆ. ಆ ಕ್ರಮದಲ್ಲಿ ಹೋದರೆ ನಿಮ್ಮಿಬ್ಬರ ಕೈಯಿಂದ ಒಂದೂವರೆ ಲಕ್ಷ ಸದ್ದಿಲ್ಲದೆ ಮಾವನ ಮನೆಗೆ ಹೋಗುತ್ತದೆ.

ಹೇಗೆ ಅಂತ ನೋಡಿ. ಕಟ್ಟಡದ ಬೆಲೆ 5 ಲಕ್ಷ ಏರಿದ್ದು ನೀವಿಬ್ಬರೇ ಪಾಲುದಾರರಾಗಿದ್ದ ವರ್ಷಗಳಲ್ಲಿ. ಮಾರ್ಚ್ 31ರಂದೇ ನಿಮ್ಮ ಹಳೆಯ ಪುಸ್ತಕದಲ್ಲಿ ಬೆಲೆ ಏರಿಸಿದರೆ ಅದು 3:2ರಲ್ಲಿ ಹಂಚಿಕೆಯಾಗುತ್ತದೆ. ಅಣ್ಣನಿಗೆ 3 ಲಕ್ಷ, ನಿಮಗೆ 2 ಲಕ್ಷ. ಏಪ್ರಿಲ್ ಆದ ಮೇಲೆ ಏರಿಸಿದರೆ ಹೊಸ ಪಾಲಿನಲ್ಲಿ ಹಂಚಬೇಕು. ಆಗ ಅಣ್ಣನಿಗೆ 2 ಲಕ್ಷ, ನಿಮಗೆ ಒಂದೂವರೆ, ಮಾವನಿಗೆ 1 ಲಕ್ಷ, ಅವರ ಮಗನಿಗೆ 50 ಸಾವಿರ. ಅದೇ ಕಟ್ಟಡ, ಅದೇ ಬೆಲೆ. ಎಂಟ್ರಿ ಹಾಕಿದ ದಿನ ಮಾತ್ರ ಬೇರೆ.

ಹಾಗಾಗಿ ಎರಡೂ ಫರ್ಮ್‌ನವರು ತಮ್ಮ ತಮ್ಮ ಪುಸ್ತಕವನ್ನು ಒಳಗೇ ಸರಿಮಾಡಿಕೊಂಡು, ಪೂರ್ತಿ ಮುಚ್ಚಿ, ಆಮೇಲೆ ಸೇರಬೇಕು. ಕಟ್ಟಡ ಒಂದೇ ಅಲ್ಲ. ಹಳೆಯ ಸ್ಟಾಕ್, ಬಾರದ ಬಾಕಿ, ಕೂಡಿಟ್ಟ ರಿಸರ್ವ್ ಎಲ್ಲವೂ ಹಳೆಯ ಪಾಲಿನಲ್ಲೇ ತೀರಬೇಕು. ಎರಡೂ ಕಡೆಯ ಉಳಿದ ಅಂಕಿ ಹಾಕಿ, ಲೆಕ್ಕ ಮಾಡಿ ತೋರಿಸುತ್ತೇನೆ.

ಬಿಕಾಂ ವಿದ್ಯಾರ್ಥಿ, ಹಾಸನ

ಮೇಡಂ, ಎಲ್ಲ ಆಸ್ತಿಯ ಬೆಲೆ ಏರಿಸಿ ಬಂಡವಾಳಕ್ಕೆ ಜಮೆ ಮಾಡಿದರೆ ಮುಗೀತಲ್ವಾ? ಬರೀ ಪುಸ್ತಕದ ಎಂಟ್ರಿ ತಾನೇ, ಟ್ಯಾಕ್ಸ್ ಏನೂ ಬರಲ್ಲ.

ಶಿವಮೊಗ್ಗ, ಚಾರ್ಟರ್ಡ್ ಅಕೌಂಟೆಂಟ್

ಮೊದಲ ಮಾತು ಅರ್ಧ ಸರಿ. ಏರಿದ್ದನ್ನು ಮಾತ್ರ ಹಿಡಿದರೆ ಆಗಲ್ಲ, ಇಳಿದದ್ದನ್ನೂ ಹಿಡಿಯಬೇಕು. ಟ್ಯಾಕ್ಸ್ ವಿಷಯ ಕೊನೆಗೆ ಹೇಳುತ್ತೇನೆ, ಅದು ಅಷ್ಟು ಸುಲಭ ಇಲ್ಲ.

ತಿಪಟೂರು, ಪೇಂಟ್ ಮತ್ತು ಹಾರ್ಡ್‌ವೇರ್ ಅಂಗಡಿ

ನಮ್ಮಲ್ಲಿ ಸ್ಟಾಕ್ 7 ಲಕ್ಷ, ಬರಬೇಕಾದದ್ದು 5 ಲಕ್ಷ, ಬ್ಯಾಂಕಿನಲ್ಲಿ 2 ಲಕ್ಷ. ಕೊಡಬೇಕಾದದ್ದು 6 ಲಕ್ಷ, ಬ್ಯಾಂಕ್ ಸಾಲ 4 ಲಕ್ಷ, ರಿಸರ್ವ್ 1 ಲಕ್ಷ. ಹಳೆಯ ಪೇಂಟ್ ಡಬ್ಬಿಗಳು ಸುಮಾರು ಗಟ್ಟಿಯಾಗಿ ಹೋಗಿವೆ. ಮುಚ್ಚಳ ತೆಗೆದು ಕಡ್ಡಿ ಆಡಿಸಿದರೆ ಕಡ್ಡಿಯೇ ಮುರಿಯುತ್ತದೆ. 50 ಸಾವಿರದ್ದು ಹೋಯ್ತು ಅನ್ನಬಹುದು.

ಮಾವನ ಕಡೆ ಸ್ಟಾಕ್ 6 ಲಕ್ಷ, ಬರಬೇಕಾದದ್ದು 3 ಲಕ್ಷ, ವ್ಯಾನ್ ಒಂದೂವರೆ ಲಕ್ಷ, ಕ್ಯಾಶ್ 50 ಸಾವಿರ, ಕೊಡಬೇಕಾದದ್ದು 3 ಲಕ್ಷ. ವ್ಯಾನ್ ಈಗ 1,10,000ಕ್ಕೆ ಹೋದರೆ ಹೆಚ್ಚು. ಬಾಕಿಯಲ್ಲಿ ನೂರಕ್ಕೆ ಹತ್ತು ಬರಲ್ಲ ಅಂತ ಎರಡೂ ಕಡೆ ಒಪ್ಪಿದ್ದೇವೆ. ಇನ್ನೊಂದು ವಿಷಯ: ಅವರಿಗೆ ಬರಬೇಕಾದ 3 ಲಕ್ಷದಲ್ಲಿ 1 ಲಕ್ಷ ನಾವೇ ಕೊಡಬೇಕು. ವೈರ್, ಸ್ವಿಚ್ ತಂದದ್ದು.

ಶಿವಮೊಗ್ಗ, ಚಾರ್ಟರ್ಡ್ ಅಕೌಂಟೆಂಟ್

ಆ 1 ಲಕ್ಷ ಹೇಳಿದ್ದು ಒಳ್ಳೆಯದಾಯ್ತು. ಹೆಚ್ಚು ಜನ ಎಡವುವುದು ಅಲ್ಲೇ.

ಮೊದಲು ನಿಮ್ಮ ಫರ್ಮ್. ಕಟ್ಟಡದಿಂದ 5 ಲಕ್ಷ ಬಂತು, ಪೇಂಟಿನಲ್ಲಿ 50 ಸಾವಿರ ಹೋಯ್ತು, ಬಾರದ ಬಾಕಿಗೆ 50 ಸಾವಿರ ಹೋಯ್ತು. ಉಳಿದದ್ದು 4 ಲಕ್ಷ. ಅದರಲ್ಲಿ ಅಣ್ಣನಿಗೆ 2,40,000, ನಿಮಗೆ 1,60,000. ರಿಸರ್ವ್ 1 ಲಕ್ಷವೂ ಹಾಗೇ ಹಂಚಿದರೆ 60 ಸಾವಿರ, 40 ಸಾವಿರ. ಈಗ ಅಣ್ಣನ ಬಂಡವಾಳ 10 ಲಕ್ಷ, ನಿಮ್ಮದು 6 ಲಕ್ಷ.

ಮಾವನ ಫರ್ಮಿನಲ್ಲಿ ವ್ಯಾನಿನ ನಷ್ಟ 40 ಸಾವಿರ. ಬಾಕಿಗೆ ನೂರಕ್ಕೆ ಹತ್ತು ತೆಗೆಯುವಾಗ 3 ಲಕ್ಷದ ಮೇಲೆ ತೆಗೆಯಬೇಡಿ. ನಿಮ್ಮಿಂದ ಬರಬೇಕಾದ 1 ಲಕ್ಷ ಮುಳುಗುವ ಹಣವಲ್ಲ, ಸೇರಿದ ಮೇಲೆ ಅದು ಇರುವುದೇ ಇಲ್ಲ. ಹಾಗಾಗಿ 2 ಲಕ್ಷದ ಮೇಲೆ 20 ಸಾವಿರ ಮಾತ್ರ. ಒಟ್ಟು ನಷ್ಟ 60 ಸಾವಿರ, ಇಬ್ಬರಿಗೂ 30 ಸಾವಿರದಂತೆ. ಮಾವನ ಬಂಡವಾಳ 4,70,000, ಮಗನದು 2,70,000.

ಸೇರಿಸುವಾಗ ಆ 1 ಲಕ್ಷವನ್ನು ಅವರ ಬರಬೇಕಾದ ಬಾಕಿಯಿಂದಲೂ ನಿಮ್ಮ ಕೊಡಬೇಕಾದ ಬಾಕಿಯಿಂದಲೂ ತೆಗೆದುಹಾಕಿ. ಹೊಸ ಫರ್ಮ್ ತನಗೆ ತಾನೇ ಸಾಲಗಾರ ಆಗುವುದಕ್ಕೆ ಆಗಲ್ಲ ಅಲ್ವಾ? ಇದನ್ನು ಮರೆತರೂ ಬ್ಯಾಲೆನ್ಸ್ ಶೀಟ್ ತಾಳೆ ಆಗುತ್ತದೆ. ಅದಕ್ಕೇ ಯಾರ ಕಣ್ಣಿಗೂ ಬೀಳಲ್ಲ, ಎರಡೂ ಬದಿ 1 ಲಕ್ಷ ಊದಿಕೊಂಡು ಕೂತಿರುತ್ತದೆ. ಮೊದಲು ಎರಡೂ ಅಂಗಡಿಯ ಲೆಡ್ಜರ್ ಪಕ್ಕಪಕ್ಕ ಇಟ್ಟು ಆ ಬಾಕಿ ಒಂದೇ ಅಂಕಿ ತೋರಿಸುತ್ತದಾ ನೋಡಿ. ಒಬ್ಬರ ಪುಸ್ತಕದಲ್ಲಿ 1 ಲಕ್ಷ, ಇನ್ನೊಬ್ಬರದರಲ್ಲಿ 92 ಸಾವಿರ ಇರುವುದು ಸಾಮಾನ್ಯ. ವಾಪಸ್ ಕಳಿಸಿದ ಮಾಲಿನ ಎಂಟ್ರಿ ಒಂದು ಕಡೆ ಬಿಟ್ಟುಹೋಗಿರುತ್ತದೆ.

ಗದಗ, ಅಕೌಂಟೆಂಟ್

ನಾನು ಹೋದ ವರ್ಷ ಇಂಥದ್ದೇ ಒಂದು ಕೆಲಸ ಮಾಡಿದೆ. ನಮ್ಮ ಪಾರ್ಟಿ ಹೊಸ ಜಿಎಸ್‌ಟಿ ನಂಬರ್ ಬಂದ ಖುಷಿಗೆ ಹಳೆಯ ನಂಬರ್ ಕ್ಯಾನ್ಸಲ್ ಮಾಡಿಸಿಬಿಟ್ಟರು. ಹಳೆಯದರಲ್ಲಿ ಇನ್‌ಪುಟ್ ಕ್ರೆಡಿಟ್ ಹಾಗೇ ಉಳಿದಿತ್ತು. ಮೊದಲು ITC-02 ಫಾರಂ ಹಾಕಿ ಆ ಕ್ರೆಡಿಟ್ ಹೊಸ ಫರ್ಮಿಗೆ ಕಳಿಸಬೇಕಿತ್ತು. ಈಗಲೂ ಓಡಾಡುತ್ತಿದ್ದೇವೆ. ನಿಮ್ಮ ಕ್ರೆಡಿಟ್ ಎಷ್ಟಿದೆ ಮೊದಲು ಅದು ನೋಡಿ ಸರ್.

ಶಿವಮೊಗ್ಗ, ಚಾರ್ಟರ್ಡ್ ಅಕೌಂಟೆಂಟ್

ಅವರು ಕೇಳಿದ್ದು ಬಂಡವಾಳದ ಬಗ್ಗೆ. ಆದರೂ ನಿಮ್ಮ ಮಾತು ಬಿಡುವಂಥದ್ದಲ್ಲ. ITC-02 ಜೊತೆಗೆ ಸಿಎ ಸರ್ಟಿಫಿಕೇಟ್ ಬೇಕು, ಹೊಸ ಫರ್ಮ್ ತನ್ನ ಲಾಗಿನ್‌ನಿಂದ ಅದನ್ನು ಒಪ್ಪಿಕೊಳ್ಳಲೂಬೇಕು. ಅದೆಲ್ಲ ಮುಗಿದ ಮೇಲೆ ಹಳೆಯ ನಂಬರ್ ಮುಚ್ಚಿಸಿ.

ತಿಪಟೂರು, ಪೇಂಟ್ ಮತ್ತು ಹಾರ್ಡ್‌ವೇರ್ ಅಂಗಡಿ

ಇಲ್ಲಿವರೆಗೆ ಅರ್ಥ ಆಯ್ತು ಮೇಡಂ. ನಮ್ಮ ಅಂಗಡಿ ಅಪ್ಪನ ಕಾಲದ್ದು, ಆಗಿನ ಗಿರಾಕಿಗಳು ಇವತ್ತಿಗೂ ಹಾಗೇ ಇದ್ದಾರೆ. ಅದಕ್ಕೆ ಬೆಲೆ ಇಲ್ವಾ?

ಶಿವಮೊಗ್ಗ, ಚಾರ್ಟರ್ಡ್ ಅಕೌಂಟೆಂಟ್

ಇದೆ. ಅದೇ ಗುಡ್‌ವಿಲ್. ಎರಡೂ ಅಂಗಡಿಗೆ ಒಂದೇ ಅಳತೆಗೋಲು ಇಟ್ಟು ಬೆಲೆ ಕಟ್ಟಿ. ಕಳೆದ ಮೂರು ವರ್ಷದ ಸರಾಸರಿ ಲಾಭದ ಎರಡು ಪಟ್ಟು ಅಂತ ಎಷ್ಟೋ ಕಡೆ ಒಪ್ಪಿಕೊಳ್ಳುತ್ತಾರೆ. ಅದಕ್ಕೆ ಮೊದಲು ಪಾಲುದಾರರ ಸಂಬಳ ಎರಡೂ ಕಡೆ ಒಂದೇ ರೀತಿ ಕಳೆದಿದೆಯಾ ನೋಡಿ. ಒಂದು ಕಡೆ ಸಂಬಳ ಕಳೆದು, ಇನ್ನೊಂದು ಕಡೆ ಕಳೆಯದೆ ಇದ್ದರೆ ಹೋಲಿಕೆಯೇ ಸುಳ್ಳಾಗುತ್ತದೆ.

ನಿಮ್ಮದು 3 ಲಕ್ಷ, ಮಾವನದು 2 ಲಕ್ಷ ಅಂತ ಇಟ್ಟುಕೊಳ್ಳೋಣ. ಇದನ್ನೂ ಹಳೆಯ ಪಾಲಿನಲ್ಲಿ ಜಮೆ ಮಾಡಿ. ಅಣ್ಣನಿಗೆ 1,80,000, ನಿಮಗೆ 1,20,000, ಆ ಕಡೆ ಇಬ್ಬರಿಗೂ ಒಂದೊಂದು ಲಕ್ಷ. ಅಣ್ಣ 11,80,000, ನೀವು 7,20,000, ಮಾವ 5,70,000, ಮಗ 3,70,000 ಆಗುತ್ತಾರೆ.

ಗದಗ, ಅಕೌಂಟೆಂಟ್

5 ಲಕ್ಷ ಗುಡ್‌ವಿಲ್ ಹಾಗೇ ಆಸ್ತಿ ಅಂತ ತೋರಿಸಿದರೆ ಸಾಕು ಮೇಡಂ. ಮತ್ತೆ ತೆಗೆಯುವುದು ಸುಮ್ನೆ ಎರಡು ಕೆಲಸ. ವರ್ಷ ವರ್ಷ ಸವಕಳಿ ಬೇರೆ ಸಿಗುತ್ತದೆ.

ಶಿವಮೊಗ್ಗ, ಚಾರ್ಟರ್ಡ್ ಅಕೌಂಟೆಂಟ್

ಸವಕಳಿ ಸಿಗಲ್ಲ. 2021ರ ಬಜೆಟ್‌ನಲ್ಲಿ ಗುಡ್‌ವಿಲ್ ಮೇಲಿನ ಸವಕಳಿಯನ್ನು ಆದಾಯ ತೆರಿಗೆಯಲ್ಲಿ ನಿಲ್ಲಿಸಿದರು. ಪಾಲುದಾರರು ಒಪ್ಪಿದರೆ ಪುಸ್ತಕದಲ್ಲಿ ಇಟ್ಟುಕೊಳ್ಳಬಹುದು. ಆದರೆ ನಾಳೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಆ 5 ಲಕ್ಷವನ್ನು ಮೊದಲು ಹೊಡೆದುಹಾಕುತ್ತಾರೆ. ನಾನಾದರೆ ಹೊಸ ಫರ್ಮ್ ಶುರುವಾದ ದಿನವೇ ತೆಗೆದುಬಿಡುತ್ತೇನೆ.

ತೆಗೆಯುವಾಗ ಮಾತ್ರ ಹೊಸ ಪಾಲು: ಅಣ್ಣನಿಂದ 2 ಲಕ್ಷ, ನಿಮ್ಮಿಂದ ಒಂದೂವರೆ, ಮಾವನಿಂದ 1 ಲಕ್ಷ, ಮಗನಿಂದ 50 ಸಾವಿರ. ಹಳೆಯದರಲ್ಲಿ ಕೊಟ್ಟು ಹೊಸದರಲ್ಲಿ ಕಳೆಯುವ ಈ ಎರಡು ಎಂಟ್ರಿಯ ನಡುವೆಯೇ ನ್ಯಾಯ ಇರುವುದು. ನಿಮ್ಮನ್ನೇ ನೋಡಿ, ಹಾಕಿದ್ದು 1,20,000, ಕಳೆದದ್ದು 1,50,000. ಮಗನಿಗೆ ಉಳಿದದ್ದು 50 ಸಾವಿರ. ಮುಂದಿನ ಲಾಭದಲ್ಲಿ ಅವರು ಸಣ್ಣ ಪಾಲಿಗೆ ಒಪ್ಪಿದ್ದಾರೆ, ಅದಕ್ಕೆ ಸಿಕ್ಕ ಬೆಲೆ ಅದು.

ಕೊನೆಗೆ ಅಣ್ಣ 9,80,000, ನೀವು 5,70,000, ಮಾವ 4,70,000, ಮಗ 3,20,000. ಒಟ್ಟು 23,40,000. ಹೊಸ ಫರ್ಮಿನ ಆಸ್ತಿ 35,40,000 ಬರುತ್ತದೆ. ಅದರಲ್ಲಿ ಕೊಡಬೇಕಾದ 8 ಲಕ್ಷ, ಬ್ಯಾಂಕ್ ಸಾಲ 4 ಲಕ್ಷ ಕಳೆದರೆ ಅದೇ 23,40,000. ಲೆಕ್ಕಿಗರಿಗೆ ಈ ಅಂಕಿ ಕೊಟ್ಟು ತಾಳೆ ನೋಡಲು ಹೇಳಿ.

ತಿಪಟೂರು, ಪೇಂಟ್ ಮತ್ತು ಹಾರ್ಡ್‌ವೇರ್ ಅಂಗಡಿ

ಬಂಡವಾಳವೂ 4:3:2:1 ಇರಲೇಬೇಕಾ?

ಶಿವಮೊಗ್ಗ, ಚಾರ್ಟರ್ಡ್ ಅಕೌಂಟೆಂಟ್

ಕಾನೂನು ಹಾಗೇನೂ ಹೇಳಲ್ಲ, ನಿಮ್ಮ ಪಾಲುದಾರಿಕೆ ಡೀಡ್ ಏನು ಹೇಳುತ್ತದೋ ಅದು. ಇರಲಿ ಅಂದರೆ ನಿಮ್ಮದು 7,02,000 ಆಗಬೇಕು, ಅಂದರೆ ನೀವು 1,32,000 ತರಬೇಕು. ಅಣ್ಣನಿಗೆ 44 ಸಾವಿರ, ಮಾವನಿಗೆ 2 ಸಾವಿರ, ಮಗನಿಗೆ 86 ಸಾವಿರ ಹೆಚ್ಚಿದೆ. ಕೈಯಲ್ಲಿ ಹಣ ಇಲ್ಲದಿದ್ದರೆ ವ್ಯತ್ಯಾಸವನ್ನು ಪ್ರತಿಯೊಬ್ಬರ ಕರೆಂಟ್ ಖಾತೆಗೆ ಹಾಕಿ. ಮಗನ ಹೆಚ್ಚುವರಿ ಹಣಕ್ಕೆ ಬಡ್ಡಿ ಇದೆಯೋ ಇಲ್ಲವೋ ಅಂತ ಡೀಡ್‌ನಲ್ಲೇ ಬರೆಸಿ. ಮೂರು ವರ್ಷ ಆದ ಮೇಲೆ ಜಗಳ ಬರುವುದು ಈ 86 ಸಾವಿರದ ಬಡ್ಡಿಗೇ.

ಈಗ ಟ್ಯಾಕ್ಸ್. ಬರೀ ಎಂಟ್ರಿ ತಾನೇ ಅನ್ನುವ ಮಾತು ನಂಬಿಕೊಳ್ಳಬೇಡಿ. ಮನ್ಸುಖ್ ಡೈಯಿಂಗ್ ಪ್ರಕರಣದಲ್ಲಿ ಫರ್ಮ್ ಆಸ್ತಿಯ ಬೆಲೆ ಏರಿಸಿ ಪಾಲುದಾರರ ಖಾತೆಗೆ ಜಮೆ ಮಾಡಿತ್ತು. ಅದನ್ನು ವರ್ಗಾವಣೆ ಎಂದೇ ನೋಡಬೇಕು ಅಂತ ಸುಪ್ರೀಂ ಕೋರ್ಟ್ 2022ರ ನವೆಂಬರ್‌ನಲ್ಲಿ ಹೇಳಿತು. ಅದು ಹಳೆಯ ಕಾನೂನಿನ ವರ್ಷದ್ದು, 2021ರಲ್ಲಿ ನಿಯಮವೂ ಬದಲಾಗಿದೆ. ನಿಮ್ಮಲ್ಲಿ ಕಟ್ಟಡ ನಿಜವಾಗಿಯೂ ಒಂದು ಫರ್ಮಿನಿಂದ ಇನ್ನೊಂದಕ್ಕೆ ಹೋಗುತ್ತಿದೆ. ಕಟ್ಟಡದ ಕಾಗದ ನೋಡದೆ ಇಲ್ಲಿ ಹೌದು ಅಥವಾ ಇಲ್ಲ ಅನ್ನಲಾರೆ. ಕಟ್ಟಡ ಫರ್ಮಿನ ಹೆಸರಲ್ಲಿದೆಯಾ, ನಿಮ್ಮಿಬ್ಬರ ಹೆಸರಲ್ಲಿದೆಯಾ?

ತಿಪಟೂರು, ಪೇಂಟ್ ಮತ್ತು ಹಾರ್ಡ್‌ವೇರ್ ಅಂಗಡಿ

ಖಾತೆ ಇನ್ನೂ ಅಪ್ಪನ ಹೆಸರಲ್ಲೇ ಇದೆ ಮೇಡಂ. ಅವರು ತೀರಿಕೊಂಡು ಆರು ವರ್ಷ ಆಯ್ತು.

ಶಿವಮೊಗ್ಗ, ಚಾರ್ಟರ್ಡ್ ಅಕೌಂಟೆಂಟ್

ಹಾಗಾದರೆ ತಡೆಯಿರಿ. ಏಪ್ರಿಲ್ 1 ಅಂತ ಗಟ್ಟಿ ಮಾಡಬೇಡಿ. ಅದು ಫರ್ಮಿನ ಆಸ್ತಿಯಾಗಿ ಬ್ಯಾಲೆನ್ಸ್ ಶೀಟಿಗೆ ಬಂದದ್ದು ಹೇಗೆ, ನಿಮಗೆ ಅಕ್ಕತಂಗಿಯರು ಇದ್ದಾರಾ, ಅಮ್ಮ ಇದ್ದಾರಾ? ಮೊದಲ ಡೀಡ್ ಮತ್ತು ಖಾತೆ ಎಕ್ಸ್‌ಟ್ರಾಕ್ಟ್ ಹಿಡಿದು ಒಬ್ಬ ವಕೀಲರ ಹತ್ತಿರ ಹೋಗಿ. ಮೇಲಿನ ಲೆಕ್ಕದಲ್ಲಿ ಕಟ್ಟಡದ 13 ಲಕ್ಷ ನಿಲ್ಲುತ್ತದೋ ಇಲ್ಲವೋ ಅಂತ ಗೊತ್ತಾಗುವುದು ಆಮೇಲೆ.

ತಿಪಟೂರು, ಪೇಂಟ್ ಮತ್ತು ಹಾರ್ಡ್‌ವೇರ್ ಅಂಗಡಿ

ಇಬ್ಬರು ಅಕ್ಕಂದಿರು ಇದ್ದಾರೆ. ಅಮ್ಮ ನಮ್ಮ ಜೊತೆಗೇ ಇದ್ದಾರೆ. ಇವತ್ತು ರಾತ್ರಿ ಅಣ್ಣನ ಹತ್ತಿರ ಕೂತು ಮಾತಾಡುತ್ತೇನೆ. ಹಳೆಯ ಡೀಡ್ ಬೀರುವಿನಲ್ಲಿದೆ, ಸೋಮವಾರ ತೆಗೆದು ನೋಡಿ ಇಲ್ಲೇ ಬರೆಯುತ್ತೇನೆ.