ಸಹಾಯ ಬೇಕು: 7 ಕ್ಲಿಕ್, 3 ಕ್ಲಿಕ್. ಇದು ಅದೃಷ್ಟವೋ, ನಿಜವೋ?

ಮನೆಯಲ್ಲೇ ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ಹೋದ ವಾರ ಎರಡು ಪೋಸ್ಟ್ ಹಾಕಿದೆ. ಎರಡನ್ನೂ 150 ಜನ ನೋಡಿದರು. ಜಾಡಿಯ ಫೋಟೊಗೆ 3 ಕ್ಲಿಕ್, ಮಾವಿನಕಾಯಿ ಹೆಚ್ಚುವ ಫೋಟೊಗೆ 7. ದುಪ್ಪಟ್ಟಿಗಿಂತ ಜಾಸ್ತಿ ಅಂತ ಖುಷಿಪಟ್ಟೆ.

ಆಮೇಲೆ ಅನುಮಾನ ಬಂತು. ಒಟ್ಟು ಕ್ಲಿಕ್ 10 ತಾನೇ? ನಾಣ್ಯವನ್ನು 10 ಸಲ ಚಿಮ್ಮಿದರೂ 7-3 ಅಥವಾ ಅದಕ್ಕಿಂತ ದೊಡ್ಡ ಅಂತರ, ಯಾವ ಕಡೆಗಾದರೂ, 100ಕ್ಕೆ ಸುಮಾರು 34 ಸಲ ಸುಮ್ನೆ ಬರುತ್ತದೆ. ಅಂದರೆ ಇದರಿಂದ ಏನೂ ಗೊತ್ತಾಗಲಿಲ್ಲ, ಅಲ್ವಾ? ಅದೂ ಅಲ್ಲದೆ ಒಂದನ್ನು ಭಾನುವಾರ ಬೆಳಿಗ್ಗೆ, ಇನ್ನೊಂದನ್ನು ಮಂಗಳವಾರ ರಾತ್ರಿ ಹಾಕಿದ್ದೆ (ನನ್ನದೇ ತಪ್ಪು).

ಇನ್ನು ಮುಂದೆ ಒಂದೇ ಹೊತ್ತಿಗೆ, ಒಂದು ದಿನ ಜಾಡಿ, ಮರುದಿನ ಹೆಚ್ಚುವುದು ಅಂತ ಹಾಕಿ ಕ್ಲಿಕ್ ಕೂಡಿಸುತ್ತೇನೆ. ಎಷ್ಟು ಜನ ನೋಡಿದ ಮೇಲೆ ತೀರ್ಮಾನಿಸಬಹುದು? ಆ ಸಂಖ್ಯೆಯನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕಾ? ಲೆಕ್ಕ ಬಲ್ಲವರು ಹೇಳಿ.