ಒಂದೇ ಫೈಲು, ಮೂರು ಕಡೆ ಮೂರು ರೂಪ: ಕನ್ನಡ .txt ಹೇಗೆ ಉಳಿಸಬೇಕು?

ಪ್ರಶ್ನೆ, ಶಹಾಪುರದಿಂದ:
ನಮ್ಮ ಅಜ್ಜಿ ಹಾಡುವ ತತ್ವಪದಗಳನ್ನು ರೆಕಾರ್ಡ್ ಮಾಡಿ, ಕೇಳಿ ಕೇಳಿ ಫೋನಿನಲ್ಲೇ ಟೈಪ್ ಮಾಡುತ್ತಿದ್ದೇನೆ. ಬರೀ .txt ಫೈಲು, 40 ಪದ ಆಗಿವೆ. ನನ್ನ ಫೋನಿನಲ್ಲಿ ಚೆನ್ನಾಗಿ ಕಾಣುತ್ತದೆ. ಮಾವನ ಫೋನಿಗೆ ಕಳಿಸಿದರೆ `à²•à²¨` ಅಂತ ಏನೇನೋ ಬರುತ್ತದೆ. ಊರಿನ ವಾಚನಾಲಯದ ಹಳೇ ಕಂಪ್ಯೂಟರಿನಲ್ಲಿ ಕನ್ನಡ ಬಂತು, ಆದರೆ ಎಲ್ಲ ಪದಗಳೂ ಸೇರಿ ಒಂದೇ ಉದ್ದ ಸಾಲು! ಅಲ್ಲಿದ್ದ ಹುಡುಗ ಪಾಪ ಕೂತು ಸಾಲು ಬಿಡಿಸಿ ಉಳಿಸಿಕೊಟ್ಟ. ಮನೆಗೆ ತಂದು ತೆರೆದರೆ ಬರೀ `????`. ಎಲ್ಲಿ ತೆರೆದರೂ ಸರಿ ಬರುವ ಹಾಗೆ ಹೇಗೆ ಉಳಿಸಬೇಕು ಸರ್?

ಕಲಬುರಗಿಯ ಡಿಟಿಪಿ ಅಂಗಡಿಯವರು:
ಇದು ಫಾಂಟ್ ಸಮಸ್ಯೆ ರೀ. ದಿನಾ ನೋಡ್ತೀವಿ. ಮಾವನವರ ಫೋನಿಗೆ ನುಡಿ ಫಾಂಟ್ ಹಾಕಿಸಿ, ಸರಿ ಹೋಗುತ್ತದೆ.

ಕಲಬುರಗಿಯಿಂದ, ಹಳೇ ಧ್ವನಿಮುದ್ರಿಕೆಗಳ ಪಠ್ಯ ಸಿದ್ಧಪಡಿಸುವವರು:
ಅಣ್ಣಾರೇ, ನಿಮ್ಮ ಅಂಗಡಿಗೆ ಬರುವ ಫೈಲಿಗೆ ನೀವು ಹೇಳಿದ್ದು ಸರಿ. ಇವರ ಫೈಲಿಗೆ ಅಲ್ಲ. ಗೀಚು ಗೀಚಾಗಿ ಕಂಡಿದ್ದೆಲ್ಲ ಒಂದೇ ರೋಗ ಅಲ್ಲ, ಅದರ ಮುಖ ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ.

‘ಕನ್ನಡ’ ಅನ್ನುವ ಪದ `PÀ£ÀßqÀ` ಅಂತ ಕಂಡರೆ ಅದು ನುಡಿ, ಬರಹದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು. ಫೈಲಿನೊಳಗೆ ಇರುವುದೇ ಇಂಗ್ಲಿಷ್ ಅಕ್ಷರ, ಫಾಂಟು ಅದಕ್ಕೆ ಕನ್ನಡದ ವೇಷ ಹಾಕುತ್ತದೆ. ಅಲ್ಲಿ ಫಾಂಟ್ ಹಾಕಿದರೆ ಕನ್ನಡ ಕಾಣುತ್ತದೆ, ಇಲ್ಲವೇ ಯೂನಿಕೋಡ್‌ಗೆ ಪರಿವರ್ತಿಸಬೇಕು.

ಇವರದು `à²•`. ಇದರಲ್ಲಿ ಫೈಲಿನ ತಪ್ಪೇನೂ ಇಲ್ಲ. ಯೂನಿಕೋಡ್ ಅಕ್ಷರಗಳನ್ನು ಫೈಲಿನಲ್ಲಿ ಬರೆದಿಡುವ UTF-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು. ‘ಕ’ ಅಂದರೆ `E0 B2 95`. ಮಾವನವರ ಫೋನಿನ ಆ್ಯಪ್‌ಗೆ ಇದು UTF-8 ಅಂತ ತಿಳಿದಿಲ್ಲ. ಮೂರು ಬೈಟನ್ನೂ ಬಿಡಿಬಿಡಿಯಾಗಿ ಹಳೇ ವಿಂಡೋಸ್ ಅಕ್ಷರಪಟ್ಟಿಯ ಪ್ರಕಾರ ಓದಿ à, ², • ಅಂತ ಮೂರು ಅಕ್ಷರ ತೋರಿಸಿದೆ. ಎಲ್ಲ ಕಡೆ `à²` ಇಲ್ಲವೇ `à³` ಪದೇ ಪದೇ ಬರುತ್ತಿದ್ದರೆ ಇದೇ ಕಥೆ ಅಂತ ತಿಳಿಯಿರಿ. ಫಾಂಟ್ ಹಾಕಿದರೆ ಕೂದಲೆಳೆಯಷ್ಟೂ ಬದಲಾಗುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಹಾಗೆ ಗೀಚಾಗಿ ಕಾಣುವಾಗ ಅದನ್ನು ಕಾಪಿ ಮಾಡಿ ಬೇರೆ ಕಡೆ ಅಂಟಿಸಬೇಡಿ, ‘ಸೇವ್’ ಕೂಡ ಒತ್ತಬೇಡಿ. ಸುಮ್ನೆ ಮುಚ್ಚಿಬಿಡಿ. ಆ ಹಳೇ ಪಟ್ಟಿಯಲ್ಲಿ `81` ಮತ್ತು `8D` ಅನ್ನುವ ಬೈಟುಗಳಿಗೆ ಅಕ್ಷರವೇ ಇಲ್ಲ. ಕನ್ನಡದ ಕೊಂಬು ‘ು’ ಮುಗಿಯುವುದು `81` ರಿಂದ, ಒತ್ತಕ್ಷರ ಕೂಡಿಸುವ ‘್’ ಮುಗಿಯುವುದು `8D` ಯಿಂದ. ಗೀಚನ್ನು ಅಂಟಿಸುವಾಗ ಈ ಎರಡೂ ಉದುರಿಹೋಗುವ ಸಾಧ್ಯತೆ ಜಾಸ್ತಿ. ಆಮೇಲೆ ತಿರುಗಿ ಕನ್ನಡ ಮಾಡಿದರೂ ಕೊಂಬಿಲ್ಲದ, ಒತ್ತಿಲ್ಲದ ಪದ ಸಿಗುತ್ತದೆ. ಒಮ್ಮೆ ನಾನೇ ಹೀಗೆ ಇಡೀ ಒಂದು ಕ್ಯಾಸೆಟ್ಟಿನ ಪಠ್ಯಕ್ಕೆ ಕೊಂಬು ಕೂಡಿಸುತ್ತ ಕೂತಿದ್ದೆ.

ಈಗ ಆ `????` ಫೈಲು. ಎರಡೂ ಫೈಲಿನ ಗಾತ್ರ ಎಷ್ಟಿದೆ ಹೇಳಿ, ನಿಮ್ಮ ಫೋನಿನದು ಮತ್ತು ಹುಡುಗ ಕೊಟ್ಟಿದ್ದು.

ಶಹಾಪುರದಿಂದ:
ನನ್ನದು 48 ಕೆಬಿ. ಅವನು ಕೊಟ್ಟಿದ್ದು 18 ಕೆಬಿ.

ಪಠ್ಯ ಸಿದ್ಧಪಡಿಸುವವರು:
ಹಾಗಾದರೆ ಅದು ಹೋಯಿತು ತಮ್ಮಾ, ಅದರಿಂದ ಏನೂ ವಾಪಸ್ ಬರುವುದಿಲ್ಲ. ಲೆಕ್ಕ ನೋಡಿ. 15 ಸಾವಿರದಷ್ಟು ಕನ್ನಡ ಚಿಹ್ನೆಗಳು ತಲಾ ಮೂರು ಬೈಟಿನಂತೆ 45 ಸಾವಿರ. ಖಾಲಿ ಜಾಗ, ಸಾಲು ಎಲ್ಲ ಸೇರಿ ಇನ್ನು 3 ಸಾವಿರ. ಅಲ್ಲಿಗೆ 48. ಅವನ ಫೈಲಿನಲ್ಲಿ ಒಂದೊಂದು ಚಿಹ್ನೆಯ ಜಾಗದಲ್ಲೂ ಒಂದೇ ಬೈಟಿನ ಪ್ರಶ್ನಾರ್ಥಕ ಕೂತಿದೆ: 15 ಕ್ಕೆ 3 ಕೂಡಿದರೆ 18. ಗಾತ್ರ ಮೂರರಲ್ಲಿ ಒಂದು ಪಾಲಿನ ಹತ್ತಿರ ಇಳಿದಿದ್ದರೆ ಒಳಗೆ ಕನ್ನಡ ಉಳಿದಿಲ್ಲ ಅಂತಲೇ ಅರ್ಥ.

ಹುಡುಗ ಏನು ಮಾಡಿರಬಹುದು ಅಂದರೆ, ಪಠ್ಯವನ್ನು ನೋಟ್‌ಪ್ಯಾಡಿನ ಹೊಸ ಫೈಲಿಗೆ ಅಂಟಿಸಿ ಉಳಿಸಿದ್ದಾನೆ. ಹಳೇ ನೋಟ್‌ಪ್ಯಾಡಿನಲ್ಲಿ ಹೊಸ ಫೈಲು ತಾನಾಗಿ `ANSI` ಆಗಿ, ಅಂದರೆ ಕನ್ನಡವೇ ಇಲ್ಲದ ಆ ಹಳೇ ಪಟ್ಟಿಯ ಪ್ರಕಾರ ಉಳಿಯುತ್ತದೆ. ಯೂನಿಕೋಡ್ ಅಕ್ಷರ ಹೋಗುತ್ತದೆ ನೋಡಿ ಅಂತ ಒಂದು ಎಚ್ಚರಿಕೆ ಬರುತ್ತದೆ, ಎಲ್ಲರೂ ಓದದೆ `OK` ಒತ್ತುತ್ತಾರೆ. ಅವನನ್ನು ಬೈಯಬೇಡಿ. ಫೋನಿನ ಮೂಲ ಫೈಲು ಇದೆಯಲ್ಲ, ಅದು ಸಾಕು.

ಒಂದೇ ಸಾಲು ಆಗಿದ್ದಕ್ಕೆ ಕಾರಣ ಬೇರೆ. ಆ್ಯಂಡ್ರಾಯ್ಡ್‌ನ ಎಡಿಟರ್ ಸಾಲಿನ ಕೊನೆಗೆ `LF` ಅನ್ನುವ ಒಂದೇ ಗುರುತು ಇಡುತ್ತದೆ. ವಿಂಡೋಸ್‌ನ ರೂಢಿ `CR` ಮತ್ತು `LF` ಎರಡೂ. ವಿಂಡೋಸ್ 7 ರ ನೋಟ್‌ಪ್ಯಾಡಿಗೆ ಬರೀ `LF` ಕೊಟ್ಟರೆ ಅದು ಸಾಲು ಮುಗಿಯಿತು ಅಂತ ಒಪ್ಪುವುದೇ ಇಲ್ಲ. 2018 ರ ವಿಂಡೋಸ್ 10 ಆವೃತ್ತಿಯಿಂದ ಒಪ್ಪುತ್ತದೆ. ಆದರೆ ನಮ್ಮ ಕಡೆ ವಾಚನಾಲಯ, ಝೆರಾಕ್ಸ್ ಅಂಗಡಿಗಳಲ್ಲಿ 7 ಇನ್ನೂ ಓಡುತ್ತಿದೆ, ಅಲ್ವಾ?

ಅದಕ್ಕೇ ಹಂಚುವ ಪ್ರತಿಗೆ ನನ್ನ ಸಲಹೆ: `UTF-8 with BOM`, ಸಾಲಿನ ಕೊನೆಗೆ `CRLF`. ಬಿಓಎಂ ಅಂದರೆ ಫೈಲಿನ ತಲೆಯಲ್ಲಿ ಕಣ್ಣಿಗೆ ಕಾಣದ ಮೂರು ಬೈಟು, `EF BB BF`. ತೆರೆಯುವ ಆ್ಯಪ್ ಅದನ್ನು ನೋಡಿದ ಕೂಡಲೇ ಇದು UTF-8 ಅಂತ ಊಹೆಯಿಲ್ಲದೆ ತಿಳಿಯುತ್ತದೆ. ಬ್ರೌಸರುಗಳೂ ಉಳಿದೆಲ್ಲ ಸುಳಿವಿಗಿಂತ ಬಿಓಎಂಗೇ ಮೊದಲ ಮಣೆ ಹಾಕುತ್ತವೆ. `CRLF` ಇದ್ದರೆ ಹಳೇ ನೋಟ್‌ಪ್ಯಾಡೂ ಸಾಲು ಬಿಡಿಸುತ್ತದೆ, ಫೋನುಗಳೂ ತಕರಾರು ಮಾಡುವುದಿಲ್ಲ.

ಕಂಪ್ಯೂಟರಿನಲ್ಲಿ Notepad++ ಇದ್ದರೆ ಫೈಲು ತೆರೆದು ಮೊದಲು ಕನ್ನಡ ಸರಿಯಾಗಿ ಕಾಣುತ್ತಿದೆಯಾ ನೋಡಿ. ಆಮೇಲೆ `Edit` ನಲ್ಲಿ `EOL Conversion`, ಅದರಲ್ಲಿ ವಿಂಡೋಸ್. ಅದಾದ ಮೇಲೆ `Encoding` ನಲ್ಲಿ `Convert to UTF-8-BOM`. ಹೆಸರು `Convert` ಅಂತ ಶುರುವಾಗುವುದನ್ನೇ ಒತ್ತಿ. ಮೇಲಿನ ಪಟ್ಟಿಯಲ್ಲಿರುವವು ಫೈಲನ್ನು ಬೇರೆ ರೀತಿ ಓದಿ ತೋರಿಸುವಂಥವು, ಪರಿವರ್ತಿಸುವಂಥವಲ್ಲ. ಇನ್ನು ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿಯೇ ಕಳಿಸಿ.

ಬೀದರಿನ ಮಾಸ್ತರರು:
ನನಗೂ ಇದೇ ಆಗಿದೆ ಸರ್. ಮಕ್ಕಳ ಹೆಸರಿನ ಪಟ್ಟಿ ಎಕ್ಸೆಲ್‌ನಲ್ಲಿ ತೆರೆದರೆ `à²®à²²` ಅಂತ ಬರುತ್ತದೆ. ಸಾಲಿನ ಕೊನೆ ಬದಲಿಸಬೇಕಾ?

ಪಠ್ಯ ಸಿದ್ಧಪಡಿಸುವವರು:
ಮಾಸ್ತರೇ, ನಿಮ್ಮದಕ್ಕೂ ಸಾಲಿಗೂ ಸಂಬಂಧ ಇಲ್ಲ. ಅದು ಸಿಎಸ್‌ವಿ ಫೈಲು ಇರಬೇಕು. ಬಿಓಎಂ ಇಲ್ಲದ ಸಿಎಸ್‌ವಿಯನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಎಕ್ಸೆಲ್ ಅದನ್ನು ಹಳೇ ಪಟ್ಟಿಯಲ್ಲೇ ಓದುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದು, ಕನ್ನಡ ಕಾಣುತ್ತಿದ್ದರೆ `Save as` ಒತ್ತಿ, ಕೆಳಗೆ `UTF-8 with BOM` ಆರಿಸಿ ಉಳಿಸಿ. ಆಮೇಲೆ ಎಕ್ಸೆಲ್‌ನಲ್ಲಿ ತೆರೆಯಿರಿ.

ಕಲಬುರಗಿಯ ಎಂಜಿನಿಯರಿಂಗ್ ವಿದ್ಯಾರ್ಥಿನಿ:
ಸರ್, ಬಿಓಎಂ ಹಾಕಿ ಅಂತ ಹೇಳುವುದನ್ನು ನಾನು ಒಪ್ಪುವುದಿಲ್ಲ. UTF-8 ಗೆ ಅದು ಬೇಕಾಗಿಯೇ ಇಲ್ಲ. ನಲವತ್ತು ಫೈಲು `cat` ಮಾಡಿ ಜೋಡಿಸಿದರೆ ಮಧ್ಯೆ ಮಧ್ಯೆ ಮೂವತ್ತೊಂಬತ್ತು ಬಿಓಎಂ ಸಿಕ್ಕಿಕೊಳ್ಳುತ್ತವೆ. `grep '^ಪದ'` ಅಂತ ಹಾಕಿ ಸಾಲಿನ ಮೊದಲ ಪದ ಹುಡುಕಿದರೆ ಪ್ರತಿ ಫೈಲಿನ ಮೊದಲ ಸಾಲು ತಪ್ಪಿಹೋಗುತ್ತದೆ. ಹೊಸ ನೋಟ್‌ಪ್ಯಾಡ್ ಕೂಡ 2019 ರಿಂದ ಬಿಓಎಂ ಇಲ್ಲದ UTF-8 ನಲ್ಲೇ ಉಳಿಸುತ್ತದೆ.

ಪಠ್ಯ ಸಿದ್ಧಪಡಿಸುವವರು:
ಹೌದವ್ವಾ, ನೀನು ಹೇಳಿದ್ದೆಲ್ಲ ನಿಜ. ಅದಕ್ಕೇ ನಾನು ಎರಡು ಪ್ರತಿ ಇಡುತ್ತೇನೆ. ತಿದ್ದುವುದು, ಹುಡುಕುವುದು, ಜೋಡಿಸುವುದು ಎಲ್ಲ ಮೂಲ ಪ್ರತಿಯಲ್ಲಿ. ಅದು ಬಿಓಎಂ ಇಲ್ಲದ UTF-8, `LF`. ಹಂಚಬೇಕಾದಾಗ ಅದರಿಂದ ಇನ್ನೊಂದು ಪ್ರತಿ ತೆಗೆಯುತ್ತೇನೆ:

```
unix2dos -m -n moola.txt hanchu.txt
```

`-m` ಬಿಓಎಂ ಹಾಕುತ್ತದೆ. `-n` ಇರುವುದರಿಂದ ಮೂಲಕ್ಕೆ ಕೈ ಹಚ್ಚದೆ ಹೊಸ ಫೈಲು ಬರೆಯುತ್ತದೆ. ಹಂಚಿದ ಪ್ರತಿಯನ್ನು ಯಾರಾದರೂ ತಿದ್ದಿ ವಾಪಸ್ ಕಳಿಸಿದರೆ ನೇರ ಮೂಲಕ್ಕೆ ಅಂಟಿಸುವುದಿಲ್ಲ, ಮೊದಲು ಗಾತ್ರ ನೋಡುತ್ತೇನೆ.

ವಿದ್ಯಾರ್ಥಿನಿ:
ಎರಡು ಪ್ರತಿ ಇಟ್ಟರೆ ಯಾವುದು ಹೊಸದು ಅಂತ ಒಂದು ದಿನ ಗೊಂದಲ ಆಗೇ ಆಗುತ್ತದೆ. ನಾನಾದರೆ ಮಾವನವರಿಗೆ ಬೇರೆ ಆ್ಯಪ್ ಹಾಕಿಕೊಡುತ್ತೇನೆ.

ಪಠ್ಯ ಸಿದ್ಧಪಡಿಸುವವರು:
ಒಬ್ಬ ಮಾವ ಇದ್ದರೆ ಹಾಕಿಕೊಡಬಹುದು. ಊರಿಗೆಲ್ಲ ಯಾರು ಹಾಕಿಕೊಡುತ್ತಾರೆ?

ಡಿಟಿಪಿ ಅಂಗಡಿಯವರು:
ಅಲ್ರೀ, ನಾಳೆ ಇವರು ಪುಸ್ತಕ ಮಾಡಿಸೋಕೆ ಬಂದರೆ ನಾವು ಪೇಜ್‌ಮೇಕರ್‌ಗೆ ಹಾಕಲು ನುಡಿಗೇ ಬದಲಿಸಬೇಕು. ಆಗ?

ಪಠ್ಯ ಸಿದ್ಧಪಡಿಸುವವರು:
ಬದಲಿಸಿಕೊಳ್ಳಿ, ಅದು ನಿಮ್ಮ ಅಚ್ಚಿನ ಪ್ರತಿ. ಆದರೆ ಕರಡು ತಿದ್ದುವಾಗ ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಪದಗಳನ್ನು ಒಂದೊಂದಾಗಿ ನೋಡಿ. ಪರಿವರ್ತಕಗಳು ಎಡವುವುದು ಅಲ್ಲೇ ಜಾಸ್ತಿ.

ಶಹಾಪುರದಿಂದ:
ಸರ್, ಅಣ್ಣನ ಲ್ಯಾಪ್‌ಟಾಪಿನಲ್ಲಿ ನೀವು ಹೇಳಿದ ಹಾಗೆ ಮಾಡಿದೆ. ಮಾವನ ಫೋನಿನಲ್ಲಿ ಕನ್ನಡ ಬಂತು! ವಾಚನಾಲಯದಲ್ಲೂ ಸಾಲು ಸಾಲಾಗಿ ಬಂತು. ಆದರೆ ಮಾವನ ಫೋನಿನಲ್ಲಿ ಉದ್ದ ಸಾಲು ಮಧ್ಯದಲ್ಲೇ ಮುರಿದು ಕೆಳಗೆ ಬರುತ್ತದೆ. ಅಲ್ಲಲ್ಲಿ ಎಂಟರ್ ಒತ್ತಿ ಸರಿ ಮಾಡಲಾ?

ಪಠ್ಯ ಸಿದ್ಧಪಡಿಸುವವರು:
ಬೇಡ ಬೇಡ. ಅದು ಫೈಲಿನಲ್ಲಿ ಇಲ್ಲ, ಪರದೆಯ ಅಗಲ ಸಾಲದೆ ಆ್ಯಪ್ ಮಡಚಿ ತೋರಿಸುತ್ತಿದೆ. ಫೋನು ಅಡ್ಡ ಹಿಡಿಯಲು ಹೇಳಿ, ಮಡಿಕೆ ಬೇರೆ ಕಡೆ ಹೋಗುತ್ತದೆ. ಎಂಟರ್ ಒತ್ತಿದರೆ ಅದು ಎಲ್ಲರ ಪ್ರತಿಯಲ್ಲೂ ಮುರಿದೇ ಇರುತ್ತದೆ. ಅಜ್ಜಿ ಒಂದು ಸಾಲು ಎಲ್ಲಿ ನಿಲ್ಲಿಸಿದರು ಅಂತ ಆಮೇಲೆ ಓದುವವರಿಗೆ ತಿಳಿಯುವುದೂ ಇಲ್ಲ. ಹಾಡಿದ ಒಂದು ಸಾಲಿಗೆ ಒಂದೇ ಎಂಟರ್, ನುಡಿ ಮುಗಿದಾಗ ಒಂದು ಖಾಲಿ ಸಾಲು.

ಶಹಾಪುರದಿಂದ:
ಆಯ್ತು ಸರ್. ಇನ್ನೊಂದು. ಹುಡುಗ ಸಾಲು ಬಿಡಿಸುವಾಗ ಅವರಜ್ಜನಿಂದ ಕೇಳಿದ್ದ ಎರಡು ತತ್ವಪದ ಹೊಸದಾಗಿ ಸೇರಿಸಿದ್ದನಂತೆ. ಅವು ಆ `????` ಫೈಲಿನಲ್ಲಿ ಮಾತ್ರ ಇವೆ.

ಪಠ್ಯ ಸಿದ್ಧಪಡಿಸುವವರು:
ಅದರಲ್ಲಿ ಎಷ್ಟು ಸಾಲು, ಸಾಲಿಗೆ ಎಷ್ಟು ಪದ ಅನ್ನುವುದಷ್ಟೇ ಉಳಿದಿರುತ್ತದೆ ತಮ್ಮಾ. ಅವರಜ್ಜ ಇದ್ದಾರಾ? ಇದ್ದರೆ ಈ ವಾರವೇ ರೆಕಾರ್ಡರ್ ಹಿಡಿದು ಹೋಗಿ.